ಬೆಂಗಳೂರು–ಆಸ್ಟಿನ್ ಟೀಮಿನ ಡೈಲಿ ಸ್ಟ್ಯಾಂಡಪ್ ಟೈಮ್ ಬದಲಾಯಿಸಿದ್ದು ಹೇಗೆ, ಕಾರಣ ಎಲ್ಲರಿಗೂ ಹೇಳಿದ್ದು ಹೇಗೆ: ಹಂತ ಹಂತವಾಗಿ

ನಮ್ಮ ಟೀಮಲ್ಲಿ ಏಳು ಜನ. ಬೆಂಗಳೂರಲ್ಲಿ ಇಬ್ಬರು (ಅದರಲ್ಲಿ ನಾನೊಬ್ಬ), ಮೈಸೂರಲ್ಲಿ ಒಬ್ಬರು, ಹುಬ್ಬಳ್ಳೀಲಿ ಒಬ್ಬ ಹುಡುಗ, ಇನ್ನು ಮೂರು ಜನ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಎಲ್ಲರದ್ದೂ ಮನೆಯಿಂದಾನೇ ಕೆಲಸ. ಸ್ಟ್ಯಾಂಡಪ್ ಇದ್ದಿದ್ದು ಆಸ್ಟಿನ್ ಬೆಳಿಗ್ಗೆ 10ಕ್ಕೆ, ಅಂದ್ರೆ ನಮಗೆ ರಾತ್ರಿ 8:30, ನವೆಂಬರ್ ಬಂತು ಅಂದ್ರೆ 9:30. ಇದನ್ನ ಯಾರೂ ಕೂತು ಯೋಚನೆ ಮಾಡಿ ಇಟ್ಟಿದ್ದಲ್ಲ, ಟೀಮ್ ಶುರುವಾದಾಗ ಮ್ಯಾನೇಜರ್ ಅಲ್ಲಿದ್ರು, ಅವರ ಕ್ಯಾಲೆಂಡರಲ್ಲಿ 10 ಗಂಟೆ ಖಾಲಿ ಇತ್ತು, ಇನ್ವೈಟ್ ಹೋಯ್ತು, ಮೂರು ವರ್ಷ ಹಾಗೇ ನಡೀತು.

ಈಗ ನಮ್ಮ ಸ್ಟ್ಯಾಂಡಪ್ ಮಾರ್ಚ್‌ನಿಂದ ಅಕ್ಟೋಬರ್ ತನಕ ಸಂಜೆ 6:30ಕ್ಕೆ, ನವೆಂಬರ್‌ನಿಂದ ಮಾರ್ಚ್ ತನಕ 7ಕ್ಕೆ. ಇಲ್ಲಿಗೆ ಬರೋಕೆ ಏನೇನು ಮಾಡಿದ್ವಿ, ಎಲ್ಲಿ ತಪ್ಪಿದ್ವಿ, ಎಲ್ಲಾ ಬರೀತೀನಿ. ನಿಮ್ಮ ಟೀಮಿನ ಊರುಗಳು ಬೇರೆ ಇರಬಹುದು, ಲೆಕ್ಕ ಹಾಕೋ ರೀತಿ ಇದೇ.

ಹಂತ 1: ಮೊದಲು ಗಡಿಯಾರದ ಲೆಕ್ಕ

ನಮ್ಮ ದೇಶದ ಗಡಿಯಾರ ವರ್ಷಪೂರ್ತಿ ಒಂದೇ, ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಅಮೆರಿಕದಲ್ಲಿ ಹಾಗಲ್ಲ, ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರನ ಒಂದು ಗಂಟೆ ಮುಂದೆ ತಳ್ತಾರೆ, ನವೆಂಬರ್‌ನ ಮೊದಲನೇ ಭಾನುವಾರ ವಾಪಸ್ ತರ್ತಾರೆ. ಹಾಗಾಗಿ ಆಸ್ಟಿನ್‌ಗೂ ನಮಗೂ ವರ್ಷದಲ್ಲಿ ಸುಮಾರು ಎಂಟು ತಿಂಗಳು ಹತ್ತೂವರೆ ಗಂಟೆ ವ್ಯತ್ಯಾಸ, ಉಳಿದ ನಾಲ್ಕು ತಿಂಗಳು ಹನ್ನೊಂದೂವರೆ. 2026ರಲ್ಲಿ ಅವರ ಗಡಿಯಾರ ಹಿಂದಕ್ಕೆ ಹೋಗೋದು ನವೆಂಬರ್ 1ಕ್ಕೆ, ಅದೇ ದಿನ ನಮ್ಮ ರಾಜ್ಯೋತ್ಸವ, ಹಾಗಾಗಿ ನಮ್ಮವರು ಯಾರೂ ಈ ಸಲ ಆ ದಿನ ಮರೆಯಲ್ಲ.

ಇಲ್ಲಿ ಒಂದು ವಿಷಯ ಸರಿಯಾಗಿ ತಲೇಲಿ ಇಟ್ಕೊಳ್ಳಿ: ಎರಡೂ ಕಡೆ ವರ್ಷಪೂರ್ತಿ ಒಂದೇ ಟೈಮ್ ಇರೋ ಸ್ಟ್ಯಾಂಡಪ್ ಸಾಧ್ಯಾನೇ ಇಲ್ಲ. ನವೆಂಬರ್ ಬಂದಾಗ ಆ ಒಂದು ಗಂಟೇನ ಯಾರಾದ್ರೂ ಹೊತ್ಕೊಳ್ಳಲೇಬೇಕು. ಕ್ಯಾಲೆಂಡರ್ ಇನ್ವೈಟ್ ಯಾವ ಊರಿನ ಟೈಮಲ್ಲಿ ಮಾಡಿದೀರೋ ಆ ಊರಿನವರಿಗೆ ಏನೂ ಬದಲಾಗಲ್ಲ, ಇನ್ನೊಂದು ಊರಿನವರೇ ಜರುಗ್ಬೇಕು. ನಮ್ಮ ಇನ್ವೈಟ್ ಇದ್ದಿದ್ದು `America/Chicago` ಅನ್ನೋ ಟೈಮ್ ಝೋನಲ್ಲಿ (ಆಸ್ಟಿನ್‌ಗೂ ಅದೇ ಝೋನ್), ಆದ್ದರಿಂದ ಪ್ರತಿ ಚಳಿಗಾಲ ಜರುಗ್ತಾ ಇದ್ದಿದ್ದು ನಾವೇ, ಆಸ್ಟಿನ್ ಕಡೆಯವರಿಗೆ ನಮ್ಮ ಕಡೆ ಟೈಮ್ ಬದಲಾಗುತ್ತೆ ಅನ್ನೋದೇ ಗೊತ್ತಿರಲಿಲ್ಲ. ಅವರಲ್ಲಿ ಒಬ್ಬರಿಗೆ "ಡಿಸೆಂಬರಲ್ಲಿ ನಮಗೆ ರಾತ್ರಿ ಒಂಬತ್ತೂವರೆ" ಅಂದಾಗ ನಿಜವಾಗ್ಲೂ ಬೇಜಾರಾಯ್ತು, ಮೂರು ವರ್ಷ ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ರು.

ನಿಮ್ಮ ಈಗಿನ ಇನ್ವೈಟ್ ಓಪನ್ ಮಾಡಿ ಅದು ಯಾವ ಝೋನಲ್ಲಿದೆ ನೋಡಿ. ಎಷ್ಟೋ ಟೀಮಲ್ಲಿ ಸಮಸ್ಯೆ ಎಲ್ಲಿದೆ ಅನ್ನೋದು ಅಲ್ಲೇ ಕಾಣುತ್ತೆ.

ಹಂತ 2: ಒಬ್ಬೊಬ್ಬರನ್ನೇ ಕೇಳೋದು

ಇದೇ ಎಲ್ಲಕ್ಕಿಂತ ಹೆಚ್ಚು ಟೈಮ್ ಹಿಡಿಯೋ ಹಂತ, ನನಗೆ ಒಂದು ವಾರ ಬೇಕಾಯ್ತು. ಗ್ರೂಪಲ್ಲಿ ಪೋಲ್ ಹಾಕ್ಬೇಡಿ. ಪೋಲ್ ಹಾಕಿದ್ರೆ ನಮ್ಮ ಕಡೆಯವರು ಎಲ್ಲಾ ಟೈಮಿಗೂ ಟಿಕ್ ಮಾಡ್ತಾರೆ, ಯಾಕಂದ್ರೆ ನಮ್ಮಲ್ಲಿ "ಆಗಲ್ಲ" ಅಂತ ಎಲ್ಲರೆದುರು ಹೇಳೋದು ಕಷ್ಟ, "ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀವಿ" ಅನ್ನೋದು ಸಲೀಸು. ಆಸ್ಟಿನ್ ಕಡೆಯವರು ತಮಗೆ ಆಗದೆ ಇರೋದನ್ನ ಸೀದಾ ಹೇಳ್ತಾರೆ. ಆಮೇಲೆ ಪೋಲ್ ನೋಡಿದ್ರೆ ನಮ್ಮವರಿಗೆ ರಾತ್ರಿ ಹತ್ತಾದ್ರೂ ಸರಿ ಅನ್ನೋ ಹಾಗೆ ಕಾಣುತ್ತೆ.

ನಾನು ಹುಬ್ಬಳ್ಳಿ ಹುಡುಗನಿಗೆ ಮೊದಲು ಫೋನ್ ಮಾಡಿ ರಾತ್ರಿ ಕಾಲ್ ತೊಂದರೆ ಆಗ್ತಿದೆಯಾ ಅಂತ ಕೇಳ್ದೆ. "ಏನ್ ತೊಂದ್ರಿ ಇಲ್ರಿ ಸರ, ನಡೀತದ" ಅಂದ. ಆಮೇಲೆ ಪ್ರಶ್ನೆ ಬದಲಾಯಿಸಿ ಕಾಲ್ ಮುಗಿದ ಮೇಲೆ ಏನು ಮಾಡ್ತೀಯಪ್ಪ ಅಂತ ಕೇಳ್ದೆ. ಒಂದು ಕ್ಷಣ ಸುಮ್ನಿದ್ದು, "ಖರೇ ಹೇಳ್ಬೇಕಂದ್ರ ಸರ, ಕಾಲ್‌ನ್ಯಾಗ ಏನರ ಬಗ್ ಬಂತಂದ್ರ ಅದ ತಲ್ಯಾಗ ತಿರುಗ್ತಿರ್ತದ, ಒಂದೂವರಿ ತನಕ ನಿದ್ದಿ ಬರಂಗಿಲ್ಲ" ಅಂದ. ಬೆಳಿಗ್ಗೆ ಅವನು ಹನ್ನೊಂದಕ್ಕೆ ಆನ್‌ಲೈನ್ ಬರ್ತಿದ್ದಿದ್ದು ಯಾಕೆ ಅಂತ ನನಗೆ ಆವತ್ತು ಗೊತ್ತಾಯ್ತು, ಅಲ್ಲೀವರೆಗೂ ಸೋಮಾರಿತನ ಅಂದ್ಕೊಂಡಿದ್ದೆ.

ಹಾಗಾಗಿ "ಈ ಟೈಮ್ ಓಕೆನಾ" ಅಂತ ಕೇಳ್ಬೇಡಿ. ಆ ಹೊತ್ತಲ್ಲಿ ಮನೇಲಿ ಏನು ನಡೀತಿರುತ್ತೆ, ಅದಕ್ಕೆ ಮುಂಚೆ ಏನು, ಆಮೇಲೆ ಏನು, ಇಷ್ಟು ಕೇಳಿ. ಸಿಕ್ಕ ಉತ್ತರನ ಎರಡು ಭಾಗ ಮಾಡಿ: ಏನೇ ಆದ್ರೂ ಆಗದೇ ಇರೋದು ಒಂದು, ಕಷ್ಟ ಆದ್ರೆ ಆಗುತ್ತೆ ಅನ್ನೋದು ಇನ್ನೊಂದು. ನಮ್ಮ ಲೆಕ್ಕಕ್ಕೆ ಬೇಕಾಗಿದ್ದು ಮೊದಲನೇದು ಮಾತ್ರ.

ನಮಗೆ ಸಿಕ್ಕಿದ್ದು ಇಷ್ಟು. ಬೆಂಗಳೂರಿನ ಇನ್ನೊಬ್ಬರು ಸಂಜೆ ಮಗಳನ್ನ ಡ್ಯಾನ್ಸ್ ಕ್ಲಾಸಿಂದ ಕರ್ಕೊಂಡು ಬರ್ತಾರೆ, 6:30ಕ್ಕೆ ಮುಂಚೆ ಲ್ಯಾಪ್‌ಟಾಪ್ ಮುಂದೆ ಇರೋಕಾಗಲ್ಲ. ಮೈಸೂರಿನವರಿಗೆ ಚಿಕ್ಕ ಮಗು, 7:30ಕ್ಕೆ ಊಟ ಮಾಡಿಸೋಕೆ ಕೂತ್ರೆ ಮಲಗಿಸಿ ಏಳೋದು ಒಂಬತ್ತು ಗಂಟೆಗೆ. ಆಸ್ಟಿನ್‌ನಲ್ಲಿ ಯಾರಿಗೂ ಬೆಳಿಗ್ಗೆ 7:30ಕ್ಕಿಂತ ಮುಂಚೆ ಆಗಲ್ಲ, ಅಲ್ಲಿ ಒಬ್ಬರು 8:20ಕ್ಕೆ ಮಗುನ ಸ್ಕೂಲಿಗೆ ಬಿಡೋಕೆ ಹೊರಡ್ತಾರೆ, ವಾಪಸ್ ಬರೋದು 8:55ಕ್ಕೆ. ಇವರೆಲ್ಲರ ವಿಷಯ ಇಲ್ಲಿ ಬರೀತಿರೋದು ಅವರನ್ನ ಕೇಳ್ಕೊಂಡೇ.

ಹಂತ 3: ಕಾಗದದ ಮೇಲೆ ಕಿಟಕಿ ಹುಡುಕೋದು

ಕಾಲ್ 15 ನಿಮಿಷ. ನಮ್ಮ ಕಡೆ ಶುರುವಾಗಬಹುದಾದ ಹೊತ್ತು 6:30ರಿಂದ 7:15ರ ಒಳಗೆ. ಆಸ್ಟಿನ್ ಕಡೆ 7:30ರಿಂದ 8:05ರ ಒಳಗೆ, ಇಲ್ಲಾಂದ್ರೆ 8:55ರ ಮೇಲೆ.

ಹತ್ತೂವರೆ ಗಂಟೆ ವ್ಯತ್ಯಾಸ ಇರೋ ತಿಂಗಳುಗಳಲ್ಲಿ ಆಸ್ಟಿನ್‌ನ 7:30–8:05 ಅಂದ್ರೆ ನಮಗೆ 6:00–6:35. ನಮ್ಮ 6:30–7:15ರ ಜೊತೆ ಇಟ್ಟು ನೋಡಿದ್ರೆ ಉಳಿಯೋದು ಐದೇ ನಿಮಿಷದ ಸಂದಿ, 6:30ರಿಂದ 6:35. ಅವರ 8:55 ಅಂದ್ರೆ ನಮಗೆ 7:25, ಕಾಲ್ ಮುಗಿಯೋದ್ರೊಳಗೆ ಮೈಸೂರಿನ ಮಗುಗೆ ಹಸಿವಾಗಿರುತ್ತೆ, ಅದು ಆಗಲ್ಲ. ಆದ್ರಿಂದ ನಮಗೆ ಸಂಜೆ 6:30, ಅವರಿಗೆ ಬೆಳಿಗ್ಗೆ 8.

ಹನ್ನೊಂದೂವರೆ ಗಂಟೆ ವ್ಯತ್ಯಾಸ ಇರೋ ತಿಂಗಳುಗಳಲ್ಲಿ ಅವರ 7:30–8:05 ನಮಗೆ 7:00–7:35. ನಮ್ಮದರ ಜೊತೆ ಕೂಡೋದು 7:00–7:15. ಆದ್ರಿಂದ ನಮಗೆ ಸಂಜೆ 7, ಅವರಿಗೆ ಬೆಳಿಗ್ಗೆ 7:30.

ಈಗ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನವೆಂಬರಲ್ಲಿ ನಾವು ಅರ್ಧ ಗಂಟೆ ತಡ ಮಾಡ್ತೀವಿ, ಅವರು ಅರ್ಧ ಗಂಟೆ ಬೇಗ ಏಳ್ತಾರೆ, ಆ ಒಂದು ಗಂಟೆ ಅರ್ಧ ಅರ್ಧ ಹಂಚಿ ಹೋಯ್ತು. ಇದನ್ನ ನಾನು ಪ್ಲಾನ್ ಮಾಡಿ ತಂದಿದ್ದಲ್ಲ, ಲೆಕ್ಕದಲ್ಲೇ ಬಂತು, ಆದ್ರೆ ಆಮೇಲೆ ಟೀಮಿಗೆ ಹೇಳುವಾಗ ಎಲ್ಲರೂ ಒಪ್ಕೊಂಡಿದ್ದು ಈ ಮಾತಿಗೇ. ನಿಮ್ಮ ಲೆಕ್ಕದಲ್ಲಿ ತಾನಾಗೇ ಬರದೇ ಇದ್ರೂ ಈ ಅರ್ಧ ಗಂಟೆ ಹಂಚ್ಕೊಳ್ಳೋ ದಾರಿನ ಒಮ್ಮೆ ಪ್ರಯತ್ನ ಮಾಡಿ ನೋಡಿ.

ಒಂದು ವಾರ ನಮ್ಮ ಟೈಮ್, ಒಂದು ವಾರ ಅವರ ಟೈಮ್ ಅಂತ ಸರದಿ ಮಾಡೋಣ ಅಂತ ಒಬ್ಬರು ಹೇಳಿದ್ರು. ಕೇಳೋಕೆ ನ್ಯಾಯವಾಗಿದೆ, ಆದ್ರೆ ಮಗು ಊಟ, ಸ್ಕೂಲ್ ಡ್ರಾಪ್ ಇವೆಲ್ಲ ವಾರ ವಾರ ಬದಲಾಗಲ್ಲ, ಪ್ರತಿ ಎರಡನೇ ವಾರ ಯಾರೋ ಒಬ್ಬರು ಮಿಸ್ ಆಗೋದು ಗ್ಯಾರಂಟಿ, ಅದಕ್ಕೆ ಬೇಡ ಅಂದ್ವಿ. ಅಂಗೈಯಗಲ ಜಾಗಾನೂ ಸಿಗದ ಟೀಮಿಗೆ ಮಾತ್ರ ಸರದಿ ಸರಿ ಅಂತ ನನಗನಿಸುತ್ತೆ.

ಈ ಲೆಕ್ಕಕ್ಕೆ ಮಿತಿ ಇದೆ. ಆ ಕಡೆ ಟೀಮ್ ಸಿಯಾಟಲ್‌ನಲ್ಲಿದ್ರೆ ಅವರ ಬೆಳಿಗ್ಗೆ 8 ಅಂದ್ರೆ ನಮಗೆ ರಾತ್ರಿ 8:30, ಚಳಿಗಾಲದಲ್ಲಿ 9:30. ಅಲ್ಲಿ ದಿನಾ ಲೈವ್ ಕಾಲ್ ಹಠ ಹಿಡಿಯೋದು ಬೇಡ, ವಾರಕ್ಕೆ ಎರಡು ದಿನ ಲೈವ್, ಉಳಿದ ದಿನ ಬರಹದಲ್ಲಿ ಅಂತ ಮಾಡ್ಕೊಳ್ಳೋದೇ ವಾಸಿ. ಜರ್ಮನಿ ಆದ್ರೆ ಮೂರೂವರೆ, ನಾಲ್ಕೂವರೆ ಗಂಟೆ ವ್ಯತ್ಯಾಸ ಅಷ್ಟೇ, ನಮ್ಮ ಮಧ್ಯಾಹ್ನ ಅವರ ಬೆಳಿಗ್ಗೆ, ಸಲೀಸು. ಯುರೋಪಲ್ಲಿ ಗಡಿಯಾರ ಬದಲಾಗೋದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ, ಅಮೆರಿಕದ ದಿನ ಅಲ್ಲ, ಅದೊಂದು ಮರೀಬೇಡಿ.

ಹಂತ 4: ಶುಕ್ರವಾರ ಬರಹಕ್ಕೆ

ಟೈಮ್ ಹುಡುಕುವಾಗಲೇ ಇನ್ನೊಂದು ಹೊಳೀತು. ಶುಕ್ರವಾರ ಸಂಜೆ ನಾವು ಹೇಳಿದ್ದಕ್ಕೆ ಆಸ್ಟಿನ್‌ನವರು ಅವತ್ತೇ ಉತ್ತರ ಕೊಟ್ರೂ ನಾವು ನೋಡೋದು ಸೋಮವಾರ ಬೆಳಿಗ್ಗೆ. ಮುಖ ನೋಡಿ ಮಾತಾಡೋ ಅರ್ಜೆನ್ಸಿ ಅಲ್ಲಿಲ್ಲ. ಹಾಗಾಗಿ ಸೋಮವಾರದಿಂದ ಗುರುವಾರ ಕಾಲ್, ಶುಕ್ರವಾರ ಚಾನೆಲ್‌ನಲ್ಲಿ ಬರೆಯೋದು. ಊರಿಗೆ ಹೋಗೋರು ಶುಕ್ರವಾರ ರಾತ್ರಿ ಬಸ್ಸಿಗೆ ಆರಾಮಾಗಿ ಹೊರಡಬಹುದು.

ಹಂತ 5: ಕಾರಣ ಹೇಳೋದು

ಇದರಲ್ಲಿ ನಾನು ಒಂದು ತಪ್ಪು ಮಾಡ್ದೆ. ಮೊದಲನೇ ಸಲ ಬರೆದ ಮೆಸೇಜಲ್ಲಿ "7:30ರ ಮೇಲೆ ಮೈಸೂರಿನವರಿಗೆ ಮಗು ನೋಡ್ಕೋಬೇಕು, ಅದಕ್ಕೆ ಟೈಮ್ ಬದಲಾಯಿಸ್ತಿದೀವಿ" ಅಂತ ಇತ್ತು. ಒಳ್ಳೇ ಮನಸ್ಸಿಂದಾನೇ ಬರೆದಿದ್ದೆ. ಸದ್ಯ ಎಲ್ಲರಿಗೂ ಕಳಿಸೋಕೆ ಮುಂಚೆ ಅವರಿಗೆ ತೋರಿಸ್ದೆ. "ಸರ್, ಇದು ಓದಿದ್ರೆ ನನ್ನೊಬ್ಬಳಿಂದ ಅವರೆಲ್ಲ ಎರಡು ಗಂಟೆ ಬೇಗ ಕೂರ್ಬೇಕಾಯ್ತು ಅನ್ನೋ ಹಾಗಿದೆಯಲ್ಲ" ಅಂದ್ರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕಾರಣ ಹಂಚ್ಕೊಳ್ಳೋದು ಅಂದ್ರೆ ಮನೆ ವಿಷಯ ಹಂಚ್ಕೊಳ್ಳೋದಲ್ಲ, ಲೆಕ್ಕ ಹಂಚ್ಕೊಳ್ಳೋದು. ಯಾರದ್ದು ಅಂತ ಹೇಳದೆ ಮಿತಿ ಏನು ಅಂತ ಹೇಳಿದ್ರೆ ಸಾಕು.

ಕೊನೆಗೆ ಕಳಿಸಿದ್ದು ಇಂಗ್ಲಿಷಲ್ಲಿ, ಅದರ ಸಾರ ಇದು:

> ಸೆಪ್ಟೆಂಬರ್ ಮೂರನೇ ಸೋಮವಾರದಿಂದ ಸ್ಟ್ಯಾಂಡಪ್ ಆಸ್ಟಿನ್ ಬೆಳಿಗ್ಗೆ 8 / ಭಾರತ ಸಂಜೆ 6:30ಕ್ಕೆ. ನವೆಂಬರಲ್ಲಿ ಗಡಿಯಾರ ಬದಲಾದ ಮೇಲೆ ಆಸ್ಟಿನ್ 7:30 / ಭಾರತ 7:00.
>
> ಯಾಕೆ: ಈಗಿನ ಟೈಮ್ ಭಾರತದಲ್ಲಿ ರಾತ್ರಿ 8:30, ಚಳಿಗಾಲದಲ್ಲಿ 9:30. ಆ ಹೊತ್ತಲ್ಲಿ ಸಿಕ್ಕ ಉತ್ತರದ ಮೇಲೆ ಅಲ್ಲಿ ಯಾರೂ ಅವತ್ತು ಕೆಲಸ ಮಾಡೋಕಾಗಲ್ಲ.
>
> ಎಲ್ಲರನ್ನೂ ಕೇಳಿದ ಮೇಲೆ ಸಿಕ್ಕ ಮಿತಿಗಳು: ಭಾರತ 6:30ರಿಂದ 7:30ರ ಒಳಗೆ ಮುಗೀಬೇಕು. ಆಸ್ಟಿನ್ 7:30ಕ್ಕೆ ಮುಂಚೆ ಬೇಡ, 8:20ರಿಂದ 8:55 ಬೇಡ.
>
> ನೋಡಿ ಬಿಟ್ಟಿದ್ದು: ಆಸ್ಟಿನ್ 9 ಗಂಟೆ (ಚಳಿಗಾಲದಲ್ಲಿ ಭಾರತಕ್ಕೆ 8:30 ಆಗುತ್ತೆ), ವಾರ ವಾರ ಸರದಿ (ಪ್ರತಿ ಸಲ ಯಾರೋ ತಪ್ಪಿಸ್ಕೊಳ್ತಾರೆ).
>
> ಇದರಲ್ಲಿ ಆಸ್ಟಿನ್‌ನವರು ಬಿಟ್ಟುಕೊಡ್ತಿರೋದು ಹೆಚ್ಚು: ಎರಡು ಗಂಟೆ ಬೇಗ, ಚಳಿಗಾಲದಲ್ಲಿ ಎರಡೂವರೆ. ಆರು ವಾರ ನೋಡಿ ಮತ್ತೆ ಎಲ್ಲರನ್ನೂ ಕೇಳ್ತೀವಿ.

ಕೊನೇ ಪ್ಯಾರಾ ಬಿಡಬೇಡಿ. ಯಾರು ಏನು ಕಳ್ಕೊಳ್ತಿದಾರೆ ಅನ್ನೋದನ್ನ ನೀವೇ ಬರೀಬೇಕು, ಇಲ್ಲಾಂದ್ರೆ ಅವರು ಅದನ್ನ ತಮ್ಮೊಳಗೇ ಲೆಕ್ಕ ಹಾಕ್ತಾ ಇರ್ತಾರೆ. "ಎಲ್ಲರಿಗೂ ಒಳ್ಳೇದು" ಅಂತ ಬರೆದ್ರೆ ಬೆಳಿಗ್ಗೆ ಏಳೂವರೆಗೆ ಕಾಫಿ ಕಪ್ ಹಿಡ್ಕೊಂಡು ಕೂತೋರು ನಂಬಲ್ಲ. ಹಾಗೇ ಬಿಟ್ಟ ಆಯ್ಕೆಗಳ ಕಾರಣಾನೂ ಬರೀರಿ. ನಾವು ಬರೆದಿದ್ರಿಂದ "9 ಗಂಟೆಗೆ ಯಾಕೆ ಬೇಡ" ಅನ್ನೋ ಚರ್ಚೆ ಎದ್ದೇ ಇಲ್ಲ.

ಮೆಸೇಜ್ ಕಳಿಸಿದ ಮೇಲೆ ಎರಡು ವಾರ ಟೈಮ್ ಕೊಡಿ. ಗಡಿಯಾರ ಬದಲಾಗೋ ವಾರದಲ್ಲಂತೂ ಹೊಸ ಟೈಮ್ ಶುರು ಮಾಡಬೇಡಿ, ಯಾವ ಬದಲಾವಣೆಯಿಂದ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ.

ಹಂತ 6: ಕ್ಯಾಲೆಂಡರ್

ನಮ್ಮದು ವರ್ಷಕ್ಕೆ ಎರಡು ಟೈಮ್ ಇರೋದ್ರಿಂದ ಒಂದೇ ಇನ್ವೈಟಲ್ಲಿ ಆಗಲ್ಲ. ಎರಡು ಬೇರೆ ಬೇರೆ ಸರಣಿ ಮಾಡಿ, ಎರಡಕ್ಕೂ ಕೊನೇ ದಿನಾಂಕ ಹಾಕಿ. ನಮ್ಮ ಬೇಸಿಗೆ ಸರಣಿ ಮುಗಿಯೋದು 2026ರ ಅಕ್ಟೋಬರ್ 29, ಗುರುವಾರ. ಚಳಿಗಾಲದ್ದು ನವೆಂಬರ್ 2, ಸೋಮವಾರ ಶುರುವಾಗಿ 2027ರ ಮಾರ್ಚ್ 11ಕ್ಕೆ ಮುಗಿಯುತ್ತೆ, ಯಾಕಂದ್ರೆ ಆ ವರ್ಷ ಅಮೆರಿಕದಲ್ಲಿ ಗಡಿಯಾರ ಮುಂದೆ ಹೋಗೋದು ಮಾರ್ಚ್ 14ಕ್ಕೆ. ಎರಡನ್ನೂ ಈಗಲೇ ಕಳಿಸಿಬಿಡಿ, ನವೆಂಬರಲ್ಲಿ ಮಾಡೋಣ ಅಂತ ಇಟ್ಕೊಂಡ್ರೆ ಮರೆತುಹೋಗುತ್ತೆ.

ಕಳಿಸೋಕೆ ಮುಂಚೆ ಲೆಕ್ಕ ಸರಿ ಇದೆಯಾ ಅಂತ ಲಿನಕ್ಸ್ ಟರ್ಮಿನಲ್‌ನಲ್ಲಿ ನೋಡ್ಕೊಳ್ಳಿ:

```
TZ=America/Chicago date -d 'TZ="Asia/Kolkata" 2026-11-02 19:00' '+%a %H:%M %Z'
```

`Mon 07:30 CST` ಅಂತ ಬಂದ್ರೆ ಸರಿ. ಮ್ಯಾಕ್‌ನ `date` ಇದನ್ನ ಒಪ್ಪಲ್ಲ.

ಹಳೇ ಸರಣಿ ತೆಗೆಯುವಾಗ ಗೂಗಲ್ ಕ್ಯಾಲೆಂಡರಲ್ಲಿ `This and following events` ಆರಿಸಿ. ಪೂರ್ತಿ ಸರಣಿ ಅಳಿಸಿದ್ರೆ ಹಿಂದಿನ ಮೀಟಿಂಗ್‌ಗಳೂ ಅದರಲ್ಲಿ ಹಾಕಿದ ನೋಟ್ಸ್ ಲಿಂಕ್‌ಗಳೂ ಕ್ಯಾಲೆಂಡರಿಂದ ಹೋಗ್ತವೆ. ಇನ್ವೈಟ್ ಹೆಸರಲ್ಲಿ "ಐಎಸ್‌ಟಿ", "ಸಿಎಸ್‌ಟಿ" ಅಂತೆಲ್ಲ ಬರೀಬೇಡಿ, ಆ ಎರಡೂ ಅಕ್ಷರಗುಚ್ಛ ಬೇರೆ ದೇಶಗಳ ಟೈಮಿಗೂ ಇವೆ, ಊರಿನ ಹೆಸರೇ ಬರೀರಿ.

ನಮಗೆ ಕೈಕೊಟ್ಟಿದ್ದು ರಿಮೈಂಡರ್ ಬಾಟ್. ಅದು ಯುಟಿಸಿ ಟೈಮಲ್ಲಿ ಓಡೋ ಸರ್ವರಲ್ಲಿ ಕ್ರಾನ್ ಮೂಲಕ ನಡೀತಿತ್ತು, ಯಾರೂ ಅದನ್ನ ನೆನಪಿಸ್ಕೊಳ್ಳಲಿಲ್ಲ, ಹೊಸ ಟೈಮಿನ ಮೊದಲನೇ ದಿನ ಕಾಲ್ ಮುಗಿದು ಬಹಳ ಹೊತ್ತಾದ ಮೇಲೆ "ಸ್ಟ್ಯಾಂಡಪ್ ಶುರುವಾಗ್ತಿದೆ" ಅಂತ ಬಂತು. ಆಸ್ಟಿನ್‌ನಲ್ಲಿ ಒಬ್ಬರು ಅದನ್ನ ನಂಬಿ ಮತ್ತೆ ಲಿಂಕ್ ಒತ್ತಿ ಕಾಯ್ತಾ ಕೂತಿದ್ರು. ನಮ್ಮ ಟೈಮಿಗೆ ಸರಿಯಾಗಿ ಬೇಸಿಗೇಲಿ ಮೊದಲನೇ ಸಾಲು, ಚಳಿಗಾಲದಲ್ಲಿ ಎರಡನೇದು:

```
0 13 * * 1-4
30 13 * * 1-4
```

ಹಂತ 7: ಕಾಲ್‌ನಲ್ಲಿ ಮಾತಾಡೋದೂ ಬದಲಾಗ್ಬೇಕು

ಟೈಮ್ ಬದಲಾದ ಮೇಲೆ ಸ್ಟ್ಯಾಂಡಪ್ ನಮಗೆ ದಿನದ ಕೊನೆ, ಅವರಿಗೆ ದಿನದ ಆರಂಭ. ಹಾಗಿರುವಾಗ ಎಲ್ಲರೂ "ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ" ಅಂತ ಒಂದೇ ಪಾಠ ಒಪ್ಪಿಸಿದ್ರೆ ಪ್ರಯೋಜನ ಕಮ್ಮಿ. ನಾವು ಕ್ರಮ ಹಾಕಿದ್ದು ಹೀಗೆ: ಮೊದಲು ಭಾರತದವರು, ಕೆಲಸ ಎಲ್ಲಿ ನಿಂತಿದೆ, ಯಾರಿಂದ ಏನು ಬೇಕು ಇಷ್ಟೇ. ಆಮೇಲೆ ಆಸ್ಟಿನ್‌ನವರು ಅದರಲ್ಲಿ ಏನನ್ನ ತಗೋತೀವಿ ಅಂತ ಹೇಳ್ಬೇಕು.

ಎರಡನೇ ವಾರದಲ್ಲಿ ನಡೆದಿದ್ದು ಹೇಳ್ತೀನಿ. ಹುಬ್ಬಳ್ಳಿ ಹುಡುಗ ಪೇಮೆಂಟ್ ರಿಟ್ರೈ ಕೋಡ್ ಬರೆದು 6:10ಕ್ಕೆ ಪಿಆರ್ ಹಾಕಿದ್ದ, ಒಂದು ಟೆಸ್ಟ್ ಒಮ್ಮೆ ಪಾಸ್ ಆದ್ರೆ ಇನ್ನೊಮ್ಮೆ ಫೇಲ್. 6:30ರ ಕಾಲಲ್ಲಿ ಹೇಳ್ದ, ಆಸ್ಟಿನ್‌ನ ಒಬ್ಬರು ನಾನು ನೋಡ್ತೀನಿ ಅಂದ್ರು, ಇವನು ಲ್ಯಾಪ್‌ಟಾಪ್ ಮುಚ್ಚಿ ಎದ್ದ. ಬೆಳಿಗ್ಗೆ ಒಂಬತ್ತೂವರೆಗೆ ಬಂದು ನೋಡಿದ್ರೆ ಟೆಸ್ಟಲ್ಲಿ ಟೈಮ್‌ಔಟ್ ಕಮ್ಮಿ ಇದೆ ಅನ್ನೋ ಕಾಮೆಂಟ್ ಇತ್ತು, ಹತ್ತೂಕಾಲಿಗೆ ಮರ್ಜ್. ಹಳೇ ಟೈಮಲ್ಲಾಗಿದ್ರೆ ಅವನು 8:30ರ ತನಕ ಕಾದು, ಕಾಲ್ ಮುಗಿದ ಮೇಲೂ ಜೊತೇಲಿ ಕೂತು ರಾತ್ರಿ ಹನ್ನೊಂದು ಮಾಡಿರೋನು.

ಹಂತ 8: ಆರು ವಾರ ಆದ ಮೇಲೆ

ನೋಡೋಕೆ ಎರಡೇ ಗುರುತು ಸಾಕು. ಒಂದು, ಯಾರು ಪದೇ ಪದೇ ಐದು ನಿಮಿಷ ತಡ ಬರ್ತಿದಾರೆ. ಒಂದೇ ವ್ಯಕ್ತಿ ವಾರಕ್ಕೆ ಎರಡು ಸಲ ತಡ ಅಂದ್ರೆ ಹಂತ 2ರಲ್ಲಿ ಅವರು ಏನೋ ಹೇಳಿಲ್ಲ ಅಂತ ಅರ್ಥ, ಬೈಯೋಕೆ ಹೋಗ್ಬೇಡಿ, ಮತ್ತೆ ಫೋನ್ ಮಾಡಿ. ಎರಡು, ನಮ್ಮ ಕಡೆ ಸಂಜೆ ಕೇಳಿದ ಪ್ರಶ್ನೆಗೆ ಬೆಳಿಗ್ಗೆ ಬರೋದ್ರೊಳಗೆ ಉತ್ತರ ಇರುತ್ತಾ. ಹತ್ತರಲ್ಲಿ ಎಂಟಕ್ಕೆ ಇದ್ರೆ ಟೈಮ್ ಕೆಲಸ ಮಾಡ್ತಿದೆ. ಇಲ್ಲಾಂದ್ರೆ ಟೈಮನ್ನ ಮತ್ತೆ ಬದಲಾಯಿಸೋಕೆ ಮುಂಚೆ ಹಂತ 7ರ ಕ್ರಮ ಪಾಲಿಸ್ತಿದೀರಾ ನೋಡಿ.

ನಮ್ಮ ಆರನೇ ವಾರದಲ್ಲಿ ಆಸ್ಟಿನ್‌ನ ಒಬ್ಬರು ಬರೋ ಚಳಿಗಾಲದ 7:30 ತನಗೆ ಭಾರ ಆಗುತ್ತೆ ಅಂದ್ರು. ಸಂದಿ ಇದ್ದಿದ್ದು ಹದಿನೈದೇ ನಿಮಿಷ, ಅದನ್ನೇ ಕೊಟ್ವಿ: ಅವರಿಗೆ 7:45, ನಮಗೆ 7:15. ಮೈಸೂರಿನವರನ್ನ ಮೊದಲು ಕೇಳಿ, ಕಾಲ್ 7:30ಕ್ಕೆ ಸರಿಯಾಗಿ ಮುಗಿಸ್ತೀವಿ ಅಂತ ಮಾತು ಕೊಟ್ಟು ನವೆಂಬರಲ್ಲಿ ಎರಡು ವಾರ ನೋಡಿದ್ವಿ. ಕಾಲ್ ನಾಲ್ಕೈದು ಸಲ 7:33, 7:35ಕ್ಕೆ ಎಳೀತು, ಹಿಂದೆ ಮಗು ಅಳೋದು ಎಲ್ಲರಿಗೂ ಕೇಳಿಸ್ತು. ಆಗ ಆಸ್ಟಿನ್‌ನ ಅದೇ ವ್ಯಕ್ತಿ ತಾವಾಗೇ ಹೇಳಿ 7:30ಕ್ಕೆ ವಾಪಸ್ ಹೋದ್ರು, ಬುಧವಾರ ಮಾತ್ರ ತಮ್ಮ ಅಪ್‌ಡೇಟ್ ಬರಹದಲ್ಲಿ ಹಾಕ್ತೀನಿ ಅಂದ್ರು, ಸರಿ ಅಂದ್ವಿ. ಈ ಚಳಿಗಾಲದ ಸರಣೀಲೂ ಅದು ಹಾಗೇ ಇದೆ, ಇನ್ವೈಟಿನ ವಿವರದಲ್ಲಿ ಒಂದು ಸಾಲು ಬರೆದಿಟ್ಟಿದೀವಿ, ಹೊಸಬರು ಬಂದಾಗ ಅವರು ಬುಧವಾರ ಯಾಕೆ ಬಂದಿಲ್ಲ ಅಂತ ಕೇಳೋ ಹಾಗಾಗಬಾರದು ಅಂತ.